ಬಲದಿಂದ ಎಡಕ್ಕೆ, ಫುಚುನ್ ನದಿಯ ಗುಂಟ

ತೈವಾನಿನ ತೈಪೆ ನಗರದ ರಾಷ್ಟ್ರೀಯ ಅರಮನೆ ವಸ್ತುಸಂಗ್ರಹಾಲಯದಲ್ಲಿ ಕಾಗದದ ಮೇಲೆ ಬರೀ ಮಸಿಯಲ್ಲಿ ಬರೆದ ಒಂದು ಚಿತ್ರವಿದೆ. ಅದರ ಎತ್ತರ 33 ಸೆಂಟಿಮೀಟರ್, ಶಾಲಾ ಮಕ್ಕಳ ಅಡಿಪಟ್ಟಿಗಿಂತ ಒಂದಿಷ್ಟು ಹೆಚ್ಚು. ಉದ್ದ ಮಾತ್ರ 637 ಸೆಂಟಿಮೀಟರ್. ಎತ್ತರಕ್ಕಿಂತ ಹತ್ತೊಂಬತ್ತು ಪಟ್ಟು ಉದ್ದವಿರುವ ಈ ಚಿತ್ರದ ಹೆಸರು ‘ಫುಚುನ್ ಪರ್ವತಗಳಲ್ಲಿ ವಾಸ’. ಬರೆದವನು ಹುವಾಂಗ್ ಗೊಂಗ್‌ವಾಂಗ್. ಮೊದಲ ಸಲ ನೋಡುವವರಿಗೆ ಇದನ್ನು ಎಲ್ಲಿಂದ ನೋಡಬೇಕು, ಎಷ್ಟು ದೂರ ನಿಂತು ನೋಡಬೇಕು ಎಂಬುದೇ ತಿಳಿಯುವುದಿಲ್ಲ. ದೂರ ನಿಂತರೆ ಬೂದು ಬಣ್ಣದ ಒಂದು ಪಟ್ಟಿ. ಹತ್ತಿರ ಬಂದರೆ ಒಂದು ಬಂಡೆ, ನಾಲ್ಕು ಮರ.

ಇಡೀ ಚಿತ್ರವನ್ನು ಒಮ್ಮೆಗೇ ನೋಡಬೇಕೆಂದು ಹುವಾಂಗ್ ಬರೆಯಲೇ ಇಲ್ಲ. ಇದು ಕೈಸುರುಳಿ. ಗೋಡೆಗೆ ತೂಗುಹಾಕುವ ಚಿತ್ರಗಳು ಚೀನಾದಲ್ಲಿ ಬೇರೆಯೇ ಇದ್ದವು. ಕೈಸುರುಳಿಯನ್ನು ಸುತ್ತಿ, ದಾರ ಕಟ್ಟಿ ಎತ್ತಿಡುತ್ತಿದ್ದರು. ನೋಡಬೇಕೆನಿಸಿದಾಗ ಮೇಜಿನ ಮೇಲಿಟ್ಟು ಬಿಚ್ಚುತ್ತಿದ್ದರು. ಎಡಗೈ ಹೊಸ ಭಾಗವನ್ನು ಬಿಚ್ಚುತ್ತಾ ಹೋಗುತ್ತದೆ, ನೋಡಿ ಮುಗಿದದ್ದನ್ನು ಬಲಗೈ ಸುತ್ತಿಕೊಳ್ಳುತ್ತದೆ. ಎರಡು ಕೈಗಳ ನಡುವೆ ಯಾವಾಗಲೂ ತೆರೆದಿರುವುದು ಸುಮಾರು ಎರಡಡಿ ಅಗಲ. ಮುಂದಿನದು ಕಾಣುತ್ತಿಲ್ಲ, ಹಿಂದಿನದು ಮರೆಯಾಗಿದೆ. ಎಷ್ಟು ಬೇಗ ಹೋಗಬೇಕು, ಎಲ್ಲಿ ನಿಲ್ಲಬೇಕು, ಬೇಕಾದರೆ ಎಲ್ಲಿಗೆ ಹಿಂತಿರುಗಬೇಕು ಎಂಬುದೆಲ್ಲ ನೋಡುವವರ ಕೈಯಲ್ಲಿದೆ. ಹಾಗೆಂದು ಚಿತ್ರಕಾರ ಸುಮ್ಮನೆ ಕೂತಿರುವುದಿಲ್ಲ. ಕೈ ಎಲ್ಲಿ ನಿಧಾನಿಸಬೇಕು, ಎಲ್ಲಿ ಸರಸರನೆ ಸಾಗಬೇಕು ಎಂಬುದನ್ನು ಬೆಟ್ಟ, ನೀರು, ಮಂಜುಗಳನ್ನು ಎಲ್ಲೆಲ್ಲಿ ಇಡುತ್ತಾನೆ ಎಂಬುದರಿಂದಲೇ ಅವನು ಹೇಳಿಬಿಟ್ಟಿರುತ್ತಾನೆ.

ಹುವಾಂಗ್ ಹುಟ್ಟಿದ್ದು 1269ರಲ್ಲಿ. ಮಂಗೋಲರ ಯುವಾನ್ ವಂಶ ಚೀನಾವನ್ನು ಆಳುತ್ತಿದ್ದ ಕಾಲದಲ್ಲಿ ಸಣ್ಣ ಗುಮಾಸ್ತನಾಗಿದ್ದ. ಮೇಲಧಿಕಾರಿಯ ಹಗರಣವೊಂದರಲ್ಲಿ ಸಿಕ್ಕಿ ಜೈಲು ಕಂಡು ಬಂದ. ಆಮೇಲೆ ತಾವೋ ಪಂಥಕ್ಕೆ ಸೇರಿ, ಭವಿಷ್ಯ ಹೇಳಿ ಹೊಟ್ಟೆ ಹೊರೆಯುತ್ತಾ ಊರೂರು ಸುತ್ತಿದ. ಹಾಂಗ್‌ಝೌ ನಗರದ ನೈಋತ್ಯಕ್ಕಿರುವ ಫುಚುನ್ ನದಿಯ ದಂಡೆಯಲ್ಲಿ 1347ರಲ್ಲಿ ಈ ಸುರುಳಿಯನ್ನು ಶುರುಮಾಡಿದಾಗ ಅವನ ವಯಸ್ಸು ಎಂಬತ್ತರ ಹತ್ತಿರ. ಮೊದಲು ಇಡೀ ಸುರುಳಿಗೆ ಒಂದು ಅಂದಾಜು ಹಾಕಿಕೊಂಡ. ಮನಸ್ಸು ಬಂದಾಗಲೆಲ್ಲ ಒಂದಷ್ಟು ಸೇರಿಸಿದ. ಮೂರು ನಾಲ್ಕು ವರ್ಷ ಕಳೆದರೂ ಅದು ಮುಗಿದಿರಲಿಲ್ಲ. ಚಿತ್ರ ಸೇರಬೇಕಾಗಿದ್ದದ್ದು ಅವನ ಜೊತೆಗಾರ ವುಯೋಂಗ್ ಎಂಬ ತಾವೋ ಸಾಧಕನಿಗೆ. ಯಾರಾದರೂ ಉಪಾಯದಿಂದಲೋ ಬಲವಂತದಿಂದಲೋ ಇದನ್ನು ಹೊಡೆದುಕೊಂಡಾರು ಎಂಬ ಭಯ ವುಯೋಂಗ್‌ಗೆ. ಹಾಗಾಗಿ ಇದು ಯಾರಿಗೆ ಸೇರಿದ್ದೆಂದು ಮುಂಚಿತವಾಗಿಯೇ ಕೊನೆಯಲ್ಲಿ ಬರೆದುಬಿಡು ಎಂದು ಕೇಳಿಕೊಂಡ. ಹುವಾಂಗ್ 1350ರಲ್ಲಿ ಅದನ್ನು ಬರೆದುಕೊಟ್ಟ. ಈ ಸಂಗತಿಗಳೆಲ್ಲ ನಮಗೆ ತಿಳಿದಿರುವುದು ಆ ಟಿಪ್ಪಣಿಯಿಂದಲೇ.

ಇನ್ನು ಸುರುಳಿಯೊಳಗೆ ಹೊರಡಬಹುದು. ಹೊರಡುವುದು ಬಲತುದಿಯಿಂದ. ಎಡದಿಂದ ಬಲಕ್ಕೆ ಓದಿ ರೂಢಿಯಾದ ಕನ್ನಡಿಗರ ಕಣ್ಣು ತಾನಾಗಿಯೇ ಎಡತುದಿಗೆ ಹೋಗುತ್ತದೆ. ಹಾಗೆ ಹೋದರೆ ಪ್ರಯಾಣದ ಕೊನೆ ಮೊದಲೇ ಎದುರಾಗುತ್ತದೆ.

ಬಲದಿಂದ ಹೊರಟವರಿಗೆ ಸ್ವಲ್ಪ ಹೊತ್ತಿನಲ್ಲೇ ದಟ್ಟವಾದ ಬೆಟ್ಟಸಾಲು ಸಿಗುತ್ತದೆ. ಇಳಿಜಾರುಗಳ ಮೈತುಂಬ ಉದ್ದುದ್ದ ಒಣ ಗೆರೆಗಳು. ಕುಂಚದಲ್ಲಿ ಮಸಿ ಕಡಿಮೆ ಇಟ್ಟುಕೊಂಡು ಎಳೆದದ್ದರಿಂದ ಗೆರೆಯ ನಡುವೆ ಕಾಗದದ ತರಿ ಇಣುಕುತ್ತದೆ. ಬಿಡಿಸಿ ಹರವಿದ ಸೆಣಬಿನ ನಾರಿನ ಹೆಸರಿನಲ್ಲೇ ಚೀನೀಯರು ಈ ಗೆರೆಗಳನ್ನು ಕರೆಯುತ್ತಾರೆ. ಇಂಥ ಒಂದೇ ಇಳಿಜಾರನ್ನು ಹತ್ತಿರದಿಂದ ನೋಡಿದರೆ ಅವನು ಕೆಲಸ ಮಾಡಿದ ಬಗೆ ಗೊತ್ತಾಗುತ್ತದೆ. ಮೊದಲು ತೆಳು ಮಸಿಯ ಗೆರೆಗಳು, ಅವುಗಳ ಮೇಲೆ ಇನ್ನಷ್ಟು ಗಾಢವಾದವು, ಕೆಲವು ಕಡೆ ಮೊದಲಿನ ಅಂಚನ್ನು ಬಿಟ್ಟು ಪಕ್ಕದಲ್ಲೇ ಹೊಸ ಅಂಚು. ಎಲ್ಲಕ್ಕಿಂತ ಮೇಲೆ, ಕಟ್ಟಕಡೆಗೆ ಇಟ್ಟ ಕಪ್ಪು ಚುಕ್ಕಿಗಳು. ದಿಬ್ಬದ ನೆತ್ತಿಯಲ್ಲಿ ಅವು ಪೊದೆ, ದೂರದ ಸಾಲಿನಲ್ಲಿ ಮರ. ತಿದ್ದಿದ್ದನ್ನು ಮುಚ್ಚಿಡುವ ಉಸಾಬರಿಗೆ ಅವನು ಹೋಗಿಲ್ಲ. ಈ ಬೆಟ್ಟಗಳ ನಡುವೆ ಕಣ್ಣು ತಾನಾಗಿ ನಿಧಾನಿಸುತ್ತದೆ, ಏಕೆಂದರೆ ಹುಡುಕಲು ಇಲ್ಲಿ ಬೇಕಾದಷ್ಟಿದೆ: ಕಣಿವೆಯ ಮಡಿಲಲ್ಲಿ ಮನೆಗಳು, ಪೈನ್ ಮರಗಳ ಗುಂಪು, ಒಂದು ಸೇತುವೆ. ಅಲ್ಲಿರುವ ಮನುಷ್ಯರು ಅಕ್ಕಿಕಾಳಿನಷ್ಟು ಚಿಕ್ಕವರು.

ಬೆಟ್ಟ ಮುಗಿಯುತ್ತಿದ್ದಂತೆ ನದಿ ಬರುತ್ತದೆ. ಕುಂಚ ಇಲ್ಲಿ ಬಹುಮಟ್ಟಿಗೆ ಸುಮ್ಮನಾಗುತ್ತದೆ. ಕೆಳಗೊಂದು ದಂಡೆ, ಅಡ್ಡಕ್ಕೆ ಮಲಗಿದ ಮರಳುದಿಣ್ಣೆಗಳು, ಮೀನುಗಾರರ ದೋಣಿ. ಉಳಿದದ್ದು ಬರೀ ಕಾಗದ. ಆದರೂ ಅದು ನೀರು ಎಂಬ ಬಗ್ಗೆ ಯಾರಿಗೂ ಅನುಮಾನ ಬರುವುದಿಲ್ಲ. ದೋಣಿ ಇದೆ ಎಂದಮೇಲೆ ಅದರ ಸುತ್ತಲಿನದು ನೀರೇ. ಅದೇ ಕಾಗದ ಬೆಟ್ಟದ ಏಣಿನ ಮೇಲೆ ಆಕಾಶ, ಬೆಟ್ಟದ ಬುಡ ಕರಗಿ ಮಾಯವಾಗುವಲ್ಲಿ ಮಂಜು. ಬಿಳಿ ಬಣ್ಣ ಬಳಿದು ಮಾಡಿದ್ದಲ್ಲ ಇದು. ಖಾಲಿ ಜಾಗ ಏನೆಂದು ತೀರ್ಮಾನಿಸುವುದು ಅದರ ಅಂಚಿನಲ್ಲಿರುವ ಗೆರೆ. ಗೆರೆ ಕಡಿದಂತೆ ನಿಂತರೆ ದಂಡೆ, ಮೆಲ್ಲಗೆ ತೆಳುವಾದರೆ ಮಂಜು. ಖಾಲಿ ಜಾಗವನ್ನು ಓದಲು ಕಲಿಯುವವರು ಕಾಗದವನ್ನೇ ದಿಟ್ಟಿಸುವುದಕ್ಕಿಂತ ಅದರ ಅಂಚನ್ನು ನೋಡಬೇಕು.

ಮಂಜಿನ ಕೆಲಸವನ್ನು ಇನ್ನೂ ಸ್ಪಷ್ಟವಾಗಿ ಕಾಣಬೇಕೆಂದರೆ ಇದೇ ಸಂಗ್ರಹಾಲಯದಲ್ಲಿರುವ ಇನ್ನೊಂದು ಸುರುಳಿಗೆ ಹೋಗಬೇಕು. ಹುವಾಂಗ್‌ಗಿಂತ ಒಂದು ಶತಮಾನಕ್ಕೂ ಹಿಂದೆ ಹಾಂಗ್‌ಝೌ ಆಸ್ಥಾನದಲ್ಲಿದ್ದ ಶಿಯಾ ಗುಯಿ ಬರೆದ, ಹತ್ತಿರಹತ್ತಿರ ಒಂಬತ್ತು ಮೀಟರ್ ಉದ್ದದ ಬೆಟ್ಟ ಹೊಳೆಗಳ ಚಿತ್ರ ಅದು. ಶಿಯಾನ ಬಂಡೆಗಳು ಕೊಡಲಿಯಿಂದ ಕಡಿದಂತೆ ಒರಟು, ಕಡುಕಪ್ಪು. ಅವುಗಳ ಪಕ್ಕದಲ್ಲೇ ಏನೂ ಇಲ್ಲದ ಬಿಳಿ ಹರವು, ಆಚೆಗೆ ಇನ್ನೇನು ಮಾಯವಾಗಲಿರುವ ಬೆಟ್ಟದ ನೆರಳು. ಎರಡರ ನಡುವೆ ಎಷ್ಟು ಹರದಾರಿಯೋ ಹೇಳಲಾಗದು. ಅಳತೆಗೆ ಸಿಗುವ ನೆಲವನ್ನು ಮಂಜು ಮುಚ್ಚಿಟ್ಟಿದೆ, ಅದರಿಂದಲೇ ದೂರ ದೊಡ್ಡದಾಗಿದೆ. ಸುರುಳಿಯ ಉದ್ದಕ್ಕೂ ನೋಟದ ಎತ್ತರವನ್ನು ಬದಲಿಸಲು ಅನುಕೂಲ ಮಾಡಿಕೊಡುವುದೂ ಈ ಮಂಜೇ. ಇಂಥ ಚಿತ್ರದಲ್ಲಿ ನೋಡುವವರು ಒಂದೇ ಕಡೆ ನಿಂತಿರುವುದಿಲ್ಲ. ಒಂದು ಬೆಟ್ಟವನ್ನು ಬುಡದಿಂದ ತಲೆಯೆತ್ತಿ ನೋಡುತ್ತಾರೆ, ಮುಂದಿನ ಹೊಳೆಯನ್ನು ಗುಡ್ಡದ ಮೇಲಿನಿಂದ ಬಗ್ಗಿ ನೋಡುತ್ತಾರೆ. ಎರಡನ್ನೂ ನೇರವಾಗಿ ಅಂಟಿಸಿದರೆ ಜೋಡಣೆ ಕಣ್ಣಿಗೆ ಚುಚ್ಚುತ್ತದೆ. ನಡುವೆ ಮಂಜೋ ನೀರೋ ಬಂದರೆ ಕಣ್ಣು ಆ ಬದಲಾವಣೆಯನ್ನು ಗಮನಿಸದೆಯೇ ದಾಟಿಬಿಡುತ್ತದೆ.

ಹುವಾಂಗ್‌ನ ಸುರುಳಿಯಲ್ಲಿ ಮುಂದೆ ಹೋದಂತೆ ನೀರು ಹೆಚ್ಚಾಗುತ್ತದೆ, ಬೆಟ್ಟ ದೂರ ಸರಿಯುತ್ತದೆ. ನೀರಿನ ಮೇಲಿನ ಚಾವಡಿಯಲ್ಲಿ ಒಬ್ಬ ಕುಳಿತಿದ್ದಾನೆ. ಬಯಲಿನಂಥ ಈ ಭಾಗದಲ್ಲಿ ಕೈ ಸರಾಗವಾಗಿ ಬಿಚ್ಚುತ್ತಾ ಹೋಗುತ್ತದೆ. ಆಗ ಇದ್ದಕ್ಕಿದ್ದಂತೆ ಕೋಡಿನಂಥ ಒಂದೇ ಒಂದು ಶಿಖರ ಎದ್ದು ನಿಲ್ಲುತ್ತದೆ. ಇಷ್ಟು ಹೊತ್ತಿನ ನೀರಿನ ಬಯಲು ಇಲ್ಲದಿದ್ದರೆ ಆ ಶಿಖರಕ್ಕೆ ಅಷ್ಟು ಎತ್ತರ ಬರುತ್ತಿರಲಿಲ್ಲ. ಅದರಾಚೆ ಮಸಿ ನೀರಾಗಿ, ದೂರದ ಗುಡ್ಡಗಳ ಮಾಸಲು ಗುರುತುಗಳಾಗಿ, ಚಿತ್ರ ಮುಗಿಯುತ್ತದೆ.

ಖಾಲಿ ಜಾಗಕ್ಕೆ ಏನು ಬೆಲೆ ಎಂಬುದಕ್ಕೆ ಚರಿತ್ರೆಯೇ ಒಂದು ಪುರಾವೆ ಒದಗಿಸಿದೆ. 1745ರಲ್ಲಿ ಚಿಯೆನ್‌ಲುಂಗ್ ಚಕ್ರವರ್ತಿಯ ಅರಮನೆಗೆ ಫುಚುನ್ ಚಿತ್ರವೊಂದು ಬಂತು. ಅದು ನಕಲು. ಚಕ್ರವರ್ತಿ ಅದನ್ನೇ ಅಸಲಿ ಎಂದು ನಂಬಿದ. ಚಿತ್ರವನ್ನು ಮತ್ತೆ ಮತ್ತೆ ತರಿಸಿಕೊಂಡು, ಪ್ರತಿ ಸಲ ಕಂಡ ಖಾಲಿ ಜಾಗದಲ್ಲಿ ತನ್ನ ಕವಿತೆ, ಟಿಪ್ಪಣಿಗಳನ್ನು ಬರೆದ. ಅಂಥ ಬರಹಗಳು ಐವತ್ತಕ್ಕೂ ಮಿಕ್ಕಿವೆ. ಮರುವರ್ಷ ಅಸಲಿ ಚಿತ್ರವೂ ಅರಮನೆಗೆ ಬಂತು. ಚಕ್ರವರ್ತಿ ಇದನ್ನು ನಕಲು ಎಂದು ತೀರ್ಪು ಕೊಟ್ಟ. ಆದರೂ ಚೆನ್ನಾಗಿದೆ ಎಂದು ಇಟ್ಟುಕೊಂಡು, ಆ ತೀರ್ಪನ್ನು ಮಂತ್ರಿಯೊಬ್ಬನಿಂದ ಅದರ ಮೇಲೆ ಬರೆಸಿದ. ಆ ತಪ್ಪು ತೀರ್ಪೇ ಅಸಲಿಯನ್ನು ಕಾಪಾಡಿತು. ಎರಡೂ ಈಗ ತೈಪೆಯಲ್ಲಿವೆ. ನಕಲಿನಲ್ಲಿ ಆಕಾಶವೆಲ್ಲ ಅಕ್ಷರಗಳಿಂದ ತುಂಬಿದೆ. ಬೆಟ್ಟದ ಹಿಂದೆ ದೂರವೇ ಇಲ್ಲ, ಏಣಿನ ಮೇಲೆ ಒಂದು ಗೋಡೆ ಎದ್ದಂತಿದೆ. ಗೆರೆಗಳು ಇದ್ದಲ್ಲೇ ಇದ್ದರೂ ನಡೆದು ಹೋಗಲು ದಾರಿ ಸಿಗುವುದಿಲ್ಲ.

ಅಸಲಿಗೆ ಅದಕ್ಕೂ ಮೊದಲೇ ಬೇರೊಂದು ಪೆಟ್ಟು ಬಿದ್ದಿತ್ತು. 1650ರ ಹೊತ್ತಿಗೆ ಅದರ ಒಡೆಯನಾಗಿದ್ದ ವು ಹೊಂಗ್‌ಯು ಸಾಯುವ ಮುನ್ನ ಚಿತ್ರವನ್ನು ಸುಟ್ಟುಬಿಡಿ ಎಂದ, ತನ್ನೊಂದಿಗೇ ಅದು ಬರಲಿ ಎಂಬ ಆಸೆಯಿಂದ. ಬೆಂಕಿಗೆ ಹಾಕಿದ್ದನ್ನು ಅವನ ಅಣ್ಣತಮ್ಮಂದಿರ ಮಗನೊಬ್ಬ ಹೊರಕ್ಕೆಳೆದು, ಬದಲಿಗೆ ಬೇರೊಂದು ಸುರುಳಿಯನ್ನು ಹಾಕಿದ. ಸುತ್ತಿಟ್ಟ ಸುರುಳಿ ಹೊರಗಿನಿಂದ ಸುಡುತ್ತದೆ, ಹೊರಸುತ್ತು ಎಂದರೆ ಚಿತ್ರದ ಆರಂಭ. ಬೆಂಕಿ ಒಂದೇ ಕಡೆ ತಗುಲಿದರೂ ಸುತ್ತುಗಳ ಮೂಲಕ ಇಳಿದಾಗ, ಬಿಚ್ಚಿ ಹರವಿದ ಮೇಲೆ ತೂತುಗಳು ಸಾಲಾಗಿ ಒಂದರ ಪಕ್ಕ ಒಂದು ಕಾಣಿಸಿಕೊಳ್ಳುತ್ತವೆ. ಆರಂಭದ ಕಡೆಯಿಂದ ಉಳಿದದ್ದು 51 ಸೆಂಟಿಮೀಟರ್ ಉದ್ದದ ಒಂದು ತುಂಡು. ‘ಉಳಿದ ಪರ್ವತ’ ಎಂಬ ಹೆಸರಿನಲ್ಲಿ ಅದು ಹಾಂಗ್‌ಝೌನ ಝೆಜಿಯಾಂಗ್ ಪ್ರಾಂತೀಯ ಸಂಗ್ರಹಾಲಯದಲ್ಲಿದೆ. ಒಂದೇ ಬೆಟ್ಟದ ಮೈ ಬಹುಪಾಲು ಅದನ್ನು ತುಂಬಿಕೊಂಡಿದೆ. ಬಿಡಿಯಾಗಿ ನೋಡಿದರೆ ಅದೇ ಒಂದು ಪೂರ್ತಿ ಚಿತ್ರ ಎನಿಸುತ್ತದೆ. ಪ್ರಯಾಣದ ಬಾಗಿಲಲ್ಲೇ ಅಂಥ ದಟ್ಟ ಬೆಟ್ಟ ನಿಂತಿತ್ತು ಎಂದು ತಿಳಿದ ಮೇಲೆ ತೈಪೆಯ ಭಾಗದ ನೀರು ಇನ್ನಷ್ಟು ವಿಶಾಲವಾಗಿ ಕಾಣುತ್ತದೆ. 2011ರ ಜೂನ್‌ನಲ್ಲಿ ಎರಡೂ ತುಂಡುಗಳು ತೈಪೆಯಲ್ಲಿ ಒಟ್ಟಿಗೆ ಪ್ರದರ್ಶನಗೊಂಡವು.

ಗಾಜಿನ ಹಿಂದೆ ಪೂರ್ತಿ ಬಿಚ್ಚಿಟ್ಟ ಸುರುಳಿಯಲ್ಲಿ ಬಿಚ್ಚುವ ಸುಖ ಇರುವುದಿಲ್ಲ, ಶಿಖರ ದೂರದಿಂದಲೇ ಕಂಡುಬಿಡುತ್ತದೆ. ಈ ಮಟ್ಟಿಗೆ ಮೊಬೈಲ್ ಪರದೆಯೇ ವಾಸಿ ಎನ್ನಬಹುದು. ಫೋನನ್ನು ಅಡ್ಡ ಹಿಡಿದು, ಚಿತ್ರದ ಎತ್ತರ ಪರದೆಯ ಎತ್ತರಕ್ಕೆ ಸಮನಾಗುವಷ್ಟು ಹಿಗ್ಗಿಸಿದರೆ, ಒಂದು ಸಲಕ್ಕೆ ಕಾಣುವ ಭಾಗ ಎರಡು ಕೈಗಳ ನಡುವೆ ತೆರೆದಿರುತ್ತಿದ್ದ ಅಳತೆಗೆ ಸರಿಹೊಂದುತ್ತದೆ. ಬಲತುದಿಯಿಂದ ಶುರುಮಾಡಿ ಬೆರಳಿನಿಂದ ಮೆಲ್ಲಗೆ ಸರಿಸಬೇಕು. ದೋಣಿಗಳ ಹತ್ತಿರ ಬಂದಾಗ ಒಮ್ಮೆ ಬಲಕ್ಕೆ ಹಿಂತಿರುಗಿ ಬೆಟ್ಟವನ್ನು ನೋಡಿ ಬರಬಹುದು. ಹಳೆಯ ಕಾಲದ ನೋಡುಗರೂ ಬಲಗೈಯಲ್ಲಿ ಸುತ್ತಿಟ್ಟದ್ದನ್ನು ಹಾಗೆಯೇ ಮತ್ತೆ ಬಿಚ್ಚಿ ನೋಡಿ ಬರುತ್ತಿದ್ದರು.