ಡಾಲರ್ ದರ ನಿಲ್ಲುವ ಬಿಂದು

ಭಾರತದ ವಿದೇಶಿ ವಿನಿಮಯ ಮಾರುಕಟ್ಟೆಯಲ್ಲಿ ಡಾಲರ್ ಒಂದು ಸರಕು, ರೂಪಾಯಿ ಅದರ ಬೆಲೆ. ಈ ಬೆಲೆ ಹೇಗೆ ಗೊತ್ತಾಗುತ್ತದೆ ಎಂಬುದನ್ನು ಒಂದು ಹಾಳೆಯ ಮೇಲೆ ಎರಡು ಗೆರೆ ಎಳೆದು ತೋರಿಸಬಹುದು. ನೆಟ್ಟಗಿನ ಅಕ್ಷದ ಮೇಲೆ ಒಂದು ಡಾಲರಿಗೆ ಎಷ್ಟು ರೂಪಾಯಿ ಎಂಬ ದರವನ್ನೂ ಅಡ್ಡ ಅಕ್ಷದ ಮೇಲೆ ದಿನವೊಂದಕ್ಕೆ ಕೈಬದಲಾಗುವ ಡಾಲರ್‌ಗಳ ಮೊತ್ತವನ್ನೂ ಗುರುತಿಸಬೇಕು.

ಬೇಡಿಕೆಯ ರೇಖೆ ಎಡದ ಮೇಲ್ತುದಿಯಿಂದ ಬಲಕ್ಕೆ ಇಳಿಯುತ್ತದೆ. ಡಾಲರ್ ಅಗ್ಗವಾದಷ್ಟೂ ಆಮದು ವಸ್ತು ರೂಪಾಯಿ ಲೆಕ್ಕದಲ್ಲಿ ಅಗ್ಗವಾಗುವುದರಿಂದ ಅದನ್ನು ತರಿಸುವವರು ಹೆಚ್ಚುತ್ತಾರೆ. ಪೂರೈಕೆಯ ರೇಖೆ ಬಲಕ್ಕೆ ಹೋದಂತೆ ಏರುತ್ತದೆ. ಗಳಿಸಿದ ಡಾಲರಿಗೆ ಹೆಚ್ಚು ರೂಪಾಯಿ ಸಿಗುವುದಾದರೆ ರಫ್ತುದಾರರು ಹೊರಗೆ ಬೆಲೆ ಸ್ವಲ್ಪ ತಗ್ಗಿಸಿಯಾದರೂ ಹೆಚ್ಚು ಮಾರಬಲ್ಲರು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಗಳಿಕೆ, ಕೊಲ್ಲಿ ದೇಶಗಳಲ್ಲಿ ದುಡಿಯುವವರು ಮನೆಗೆ ಕಳಿಸುವ ಹಣ, ವಿದೇಶಿ ಹೂಡಿಕೆ ಎಲ್ಲವೂ ಈ ಪೂರೈಕೆಗೇ ಸೇರುತ್ತವೆ.

ಲೆಕ್ಕಕ್ಕಾಗಿ ಕೆಲವು ಕಾಲ್ಪನಿಕ ಅಂಕಿಗಳನ್ನು ಇಟ್ಟುಕೊಳ್ಳೋಣ. ದರ 54 ರೂಪಾಯಿ ಇದ್ದಾಗ ದಿನಕ್ಕೆ 220 ಕೋಟಿ ಡಾಲರ್ ಬೇಕು, ಮಾರಾಟಕ್ಕೆ ಬರುವುದು 180 ಕೋಟಿ. 40 ಕೋಟಿ ಸಾಲದಾಗುತ್ತದೆ. ಡಾಲರ್ ಸಿಗದ ಬ್ಯಾಂಕುಗಳು ಹೆಚ್ಚು ಬೆಲೆ ಕೂಗುತ್ತವೆ. ದರ ಒಂದೊಂದು ರೂಪಾಯಿ ಏರಿದಾಗಲೂ ಬೇಡಿಕೆ 10 ಕೋಟಿ ತಗ್ಗಿ, ಪೂರೈಕೆ 10 ಕೋಟಿ ಹೆಚ್ಚುತ್ತದೆ ಎಂದುಕೊಂಡರೆ 56 ರೂಪಾಯಿಗೆ ಎರಡೂ 200 ಕೋಟಿಯಲ್ಲಿ ಕೂಡುತ್ತವೆ. ದರ 58ಕ್ಕೆ ಹೋದರೆ ಕೊಳ್ಳುವವರಿಗಿಂತ ಮಾರುವವರು ಹೆಚ್ಚಾಗಿ ಅದು ಮತ್ತೆ ಕೆಳಗೆ ಬರುತ್ತದೆ. ಯಾರೂ ಆಜ್ಞೆ ಮಾಡದೆಯೇ ದರ ನಿಲ್ಲುವ ಜಾಗ ಇದು.

ದರ ಬದಲಾದಾಗ ಜನ ಅದೇ ರೇಖೆಯ ಮೇಲೆ ಮುಂದೆ ಹಿಂದೆ ಸರಿಯುತ್ತಾರೆ. ದರದ ಹೊರಗಿನ ಕಾರಣ ಬಂದರೆ ರೇಖೆಯೇ ಜಾಗ ಬಿಡುತ್ತದೆ. ಈ ವ್ಯತ್ಯಾಸ ತಿಳಿಯದಿದ್ದರೆ ಚಿತ್ರ ದಾರಿತಪ್ಪಿಸುತ್ತದೆ. 2013ರ ಬೇಸಿಗೆ ಇದಕ್ಕೆ ಒಳ್ಳೆಯ ಉದಾಹರಣೆ. ಆ ಮೇ 22ರಂದು ಅಮೆರಿಕದ ಕೇಂದ್ರ ಬ್ಯಾಂಕಿನ ಮುಖ್ಯಸ್ಥ ಬೆನ್ ಬರ್ನಾಂಕೆ, ಬಾಂಡ್ ಖರೀದಿಯನ್ನು ಮುಂದೆ ತಗ್ಗಿಸಬಹುದೆಂಬ ಸೂಚನೆ ಕೊಟ್ಟರು. ಅಮೆರಿಕದಲ್ಲೇ ಬಡ್ಡಿ ಏರುವ ನಿರೀಕ್ಷೆ ಹುಟ್ಟಿ, ವಿದೇಶಿ ಹೂಡಿಕೆದಾರರು ಭಾರತದ ಸಾಲಪತ್ರಗಳನ್ನು ಮಾರಿ ಹೊರಟರು. ತೈಲ ಮತ್ತು ಚಿನ್ನದ ಆಮದಿನ ಭಾರದಿಂದ ದೇಶದ ಚಾಲ್ತಿ ಖಾತೆಯ ಕೊರತೆ ಆಗಲೇ ಜಿಡಿಪಿಯ ಶೇ. 4.8ರಷ್ಟಿತ್ತು. ಅದನ್ನು ತುಂಬುತ್ತಿದ್ದುದೇ ಈ ಹೊರಗಿನ ಹಣ.

ನಮ್ಮ ಚಿತ್ರದಲ್ಲಿ ಪೂರೈಕೆಯ ರೇಖೆಯನ್ನು 80 ಕೋಟಿಯಷ್ಟು ಎಡಕ್ಕೆ ಸರಿಸಿದರೆ 56ರಲ್ಲಿ ಬರುವುದು 120 ಕೋಟಿ ಮಾತ್ರ. ಹೊಸ ಸಮತೋಲನ 60 ರೂಪಾಯಿಯಲ್ಲಿ, 160 ಕೋಟಿಗೆ ಸಿಗುತ್ತದೆ. ದರವನ್ನು 57ರಲ್ಲೇ ಹಿಡಿಯಲು ಹೊರಟರೆ ಬೇಡಿಕೆ 190, ಪೂರೈಕೆ 130 ಆಗಿ, ರಿಸರ್ವ್ ಬ್ಯಾಂಕ್ ತನ್ನ ಸಂಗ್ರಹದಿಂದ ದಿನವೂ 60 ಕೋಟಿ ಡಾಲರ್ ಮಾರಬೇಕಾಗುತ್ತದೆ. ಸಂಗ್ರಹ ಸತತವಾಗಿ ಕರಗುತ್ತಿದ್ದರೆ, ಹಿಡಿದ ದರ ರೇಖೆಗಳು ಕೂಡುವ ಜಾಗದಿಂದ ದೂರವಿದೆ ಎಂದೇ ಅರ್ಥ.

ವಾಸ್ತವದಲ್ಲಿ ರೂಪಾಯಿ ಇದಕ್ಕಿಂತ ಬಹಳ ಹೆಚ್ಚು ಕುಸಿಯಿತು. ಮೇ ಆರಂಭದಲ್ಲಿ 54ರ ಆಸುಪಾಸಿನಲ್ಲಿದ್ದ ದರ ಆಗಸ್ಟ್ 28ರಂದು 68 ದಾಟಿತು. ಪಠ್ಯಪುಸ್ತಕದ ಇಳಿಜಾರು ಅಲ್ಪಾವಧಿಯಲ್ಲಿ ಇರುವುದಿಲ್ಲ. ಬೆಲೆ ಏರಿತೆಂದು ಕಚ್ಚಾ ತೈಲ ತರಿಸುವುದನ್ನು ಈ ವಾರವೇ ನಿಲ್ಲಿಸಲಾಗದು, ಆದ್ದರಿಂದ ಬೇಡಿಕೆಯ ರೇಖೆ ಕಡಿದಾಗಿರುತ್ತದೆ. ಇದಕ್ಕೂ ಕಷ್ಟದ ಸಂಗತಿಯೊಂದಿದೆ. ನಾಳೆ ಡಾಲರ್ ಇನ್ನೂ ಏರುತ್ತದೆಂಬ ನಂಬಿಕೆ ಹರಡಿದರೆ ರಫ್ತುದಾರರು ತಮ್ಮ ಡಾಲರ್‌ಗಳನ್ನು ತಡೆದಿಡುತ್ತಾರೆ, ಆಮದುದಾರರು ಮುಂದಿನ ತಿಂಗಳ ಅಗತ್ಯವನ್ನೂ ಇಂದೇ ಕೊಳ್ಳುತ್ತಾರೆ. ಆಗ ಏರಿದ ದರವೇ ಎರಡೂ ರೇಖೆಗಳನ್ನು ತಪ್ಪು ದಿಕ್ಕಿಗೆ ತಳ್ಳುತ್ತದೆ.

ಆಗಸ್ಟ್ 28ರ ರಾತ್ರಿ ರಿಸರ್ವ್ ಬ್ಯಾಂಕ್ ಕೈಯಿಟ್ಟದ್ದು ಬೇಡಿಕೆಯ ರೇಖೆಗೆ. ಮೂರು ಸರ್ಕಾರಿ ತೈಲ ಕಂಪನಿಗಳಿಗೆ ಬೇಕಾದ ಡಾಲರನ್ನು ಮಾರುಕಟ್ಟೆಯ ಹೊರಗೆ, ನಿಗದಿತ ಅವಧಿಯ ನಂತರ ಹಿಂದಿರುಗಿಸಬೇಕೆಂಬ ಒಪ್ಪಂದದ ಮೇಲೆ ಅದು ಒದಗಿಸಿತು. ನಮ್ಮ ಲೆಕ್ಕದಲ್ಲಿ ಬೇಡಿಕೆಯಿಂದ 40 ಕೋಟಿ ತೆಗೆದರೆ ದರ 60ರಿಂದ 58ಕ್ಕೆ ಇಳಿಯುತ್ತದೆ. ಆದರೆ ಈ ಬೇಡಿಕೆ ಅಳಿದದ್ದಲ್ಲ, ಮುಂದಕ್ಕೆ ಹೋದದ್ದು. ಡಾಲರ್ ಹಿಂದಿರುಗಿಸುವ ದಿನ ಮತ್ತೆ ಬರುತ್ತದೆ.

ಆ ದಿನದೊಳಗೆ ಪೂರೈಕೆ ಹೆಚ್ಚಬೇಕಿತ್ತು. ಸೆಪ್ಟೆಂಬರ್ 4ರಂದು ಗವರ್ನರ್ ಆದ ರಘುರಾಮ್ ರಾಜನ್ ಅನಿವಾಸಿ ಭಾರತೀಯರ ಡಾಲರ್ ಠೇವಣಿಗಳತ್ತ ತಿರುಗಿದರು. ಕನಿಷ್ಠ ಮೂರು ವರ್ಷದ ಇಂಥ ಠೇವಣಿ ತಂದ ಬ್ಯಾಂಕುಗಳಿಗೆ, ದರ ಬದಲಾಗುವ ಅಪಾಯವನ್ನು ವರ್ಷಕ್ಕೆ ಶೇ. 3.5ರ ವೆಚ್ಚದಲ್ಲಿ ರಿಸರ್ವ್ ಬ್ಯಾಂಕೇ ಹೊತ್ತುಕೊಂಡಿತು. ಬ್ಯಾಂಕುಗಳ ವಿದೇಶಿ ಸಾಲಕ್ಕೆ ಕೊಟ್ಟ ಸವಲತ್ತೂ ಸೇರಿ ಸುಮಾರು 3,400 ಕೋಟಿ ಡಾಲರ್ ಬಂತು. ಪೂರೈಕೆಯ ರೇಖೆ ಬಲಕ್ಕೆ ಸರಿದು, ನವೆಂಬರ್ ಕೊನೆಯ ಹೊತ್ತಿಗೆ ದರ 62ರ ಆಸುಪಾಸಿನಲ್ಲಿ ನಿಂತಿತು.