ತಟ್ಟಿದ ಕೂಡಲೇ ಮಂಜುಗಡ್ಡೆಯಾಗುವ ಬಾಟಲಿ ನೀರು: ಕೆಮಿಕಲ್ ಬೆರಕೆಯೋ, ಶುದ್ಧತೆಯ ಗುರುತೋ?

ಫ್ರಿಜ್‌ನಿಂದ ಹೊರತೆಗೆದ ಬಾಟಲಿಯಲ್ಲಿ ನೀರು ತಿಳಿಯಾಗಿಯೇ ಇರುತ್ತದೆ. ಯಾರೋ ಅದನ್ನು ಮೇಜಿಗೆ ಒಮ್ಮೆ ಕುಟ್ಟುತ್ತಾರೆ. ಮೇಲಿನಿಂದ ಕೆಳಗಿನವರೆಗೆ ಬಿಳಿ ಮಂಜು ಸರಸರನೆ ಇಳಿದು, ಕೆಲವೇ ಸೆಕೆಂಡುಗಳಲ್ಲಿ ಇಡೀ ಬಾಟಲಿ ಗಟ್ಟಿಯಾದಂತೆ ಕಾಣುತ್ತದೆ. ಇಂಥ ವಿಡಿಯೋ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಅದರ ಕೆಳಗಿನ ಬರಹ ಮಾತ್ರ ಬೇರೆ ಬೇರೆ. ಒಂದರಲ್ಲಿ "ನೀರಿಗೆ ಕೆಮಿಕಲ್ ಹಾಕಿದ್ದಾರೆ, ಕುಡಿಯಬೇಡಿ" ಎಂದಿದ್ದರೆ, ಇನ್ನೊಂದರಲ್ಲಿ "ಹೀಗೆ ಹೆಪ್ಪುಗಟ್ಟಿದರೆ ಮಾತ್ರ ಅದು ಅಸಲಿ ಶುದ್ಧ ನೀರು" ಎಂದಿರುತ್ತದೆ.

ಎರಡೂ ತಪ್ಪು. ವಿಡಿಯೋದಲ್ಲಿ ಕಾಣುವುದು ನಿಜವೇ, ಆದರೆ ಅದಕ್ಕೆ ಕೊಟ್ಟ ಕಾರಣ ಸುಳ್ಳು. ಬೇಸಿಗೆಯಲ್ಲಿ ಹಿಟ್ನಾಳದಂಥ ಹೆದ್ದಾರಿ ಊರುಗಳ ಅಂಗಡಿಗಳಲ್ಲಿ ನೀರಿನ ಬಾಟಲಿಗಳು ಡೀಪ್ ಫ್ರೀಜರ್‌ನಲ್ಲಿ ಇರುತ್ತವೆ. ಅಂಥ ಒಂದು ಬಾಟಲಿಯ ಮುಚ್ಚಳ ತಿರುಗಿಸಿದಾಗ ನಿಮ್ಮ ಕೈಯಲ್ಲೇ ಇದು ನಡೆಯಬಹುದು. ಹಾಗಾದರೆ ಆ ಕ್ಷಣ ಒಳಗೆ ಏನಾಗುತ್ತದೆ?

ಸೊನ್ನೆ ಡಿಗ್ರಿ ಎಂದರೆ ಆಜ್ಞೆಯಲ್ಲ

ನೀರು 0 ಡಿಗ್ರಿ ಸೆಲ್ಸಿಯಸ್‌ಗೆ ಹೆಪ್ಪುಗಟ್ಟುತ್ತದೆ ಎಂದು ಶಾಲೆಯಲ್ಲಿ ಓದಿದ್ದೇವೆ. ಇದರ ನಿಜವಾದ ಅರ್ಥ ಇಷ್ಟೇ: 0 ಡಿಗ್ರಿಗಿಂತ ಕೆಳಗೆ ನೀರಿಗೆ ದ್ರವವಾಗಿರುವುದಕ್ಕಿಂತ ಮಂಜುಗಡ್ಡೆಯಾಗಿರುವುದು ಹೆಚ್ಚು ಸ್ಥಿರ. ಆ ಸ್ಥಿರ ರೂಪಕ್ಕೆ ಅದು ತಕ್ಷಣ ಹೋಗಲೇಬೇಕು ಎಂದೇನೂ ಇಲ್ಲ.

ಆನೆಗೊಂದಿಯ ಗುಡ್ಡಗಳಲ್ಲಿ ಒಂದರ ಮೇಲೊಂದು ಕೂತ ದೊಡ್ಡ ಬಂಡೆಗಳನ್ನು ನೆನೆಸಿಕೊಳ್ಳಿ. ಬಂಡೆಗೆ ನಿಜವಾದ ನೆಲೆ ಗುಡ್ಡದ ಬುಡ. ಆದರೂ ಅದು ತಾನು ಕೂತ ಸಣ್ಣ ತಗ್ಗಿನಲ್ಲಿ ವರ್ಷಾನುಗಟ್ಟಲೆ ನಿಂತಿರುತ್ತದೆ. ಕೆಳಗುರುಳಬೇಕಾದರೆ ಮೊದಲು ಆ ತಗ್ಗಿನ ಅಂಚನ್ನು ಏರಿ ದಾಟಬೇಕು. 0 ಡಿಗ್ರಿಗಿಂತ ಕೆಳಗೆ ಇಳಿದೂ ದ್ರವವಾಗಿಯೇ ಉಳಿದ ನೀರು ಇಂಥ ಬಂಡೆಯಂತೆ. ಇದನ್ನು ಅತಿಶೀತಲ ನೀರು ಅಥವಾ ಸೂಪರ್‌ಕೂಲ್ಡ್ ನೀರು ಎನ್ನುತ್ತಾರೆ.

ಇದು ಹೊಸ ಸಂಗತಿಯೂ ಅಲ್ಲ. ಥರ್ಮಾಮೀಟರ್‌ಗೆ ಹೆಸರಾದ ಫ್ಯಾರನ್‌ಹೀಟ್ 1724ರಲ್ಲೇ ಇದನ್ನು ಬರೆದು ಪ್ರಕಟಿಸಿದ್ದರು. ಅವರು ಗಾಜಿನ ಬುರುಡೆಯಲ್ಲಿ ಮಳೆನೀರು ಹಾಕಿ, ಮುಚ್ಚಿ, ರಾತ್ರಿಯಿಡೀ ಕೊರೆಯುವ ಚಳಿಯಲ್ಲಿಟ್ಟರು. ಬೆಳಗ್ಗೆ ನೋಡಿದರೆ ನೀರು ನೀರಾಗಿಯೇ ಇತ್ತು. ಬುರುಡೆಯ ತುದಿ ಮುರಿದ ಕೂಡಲೇ ಒಳಗೆಲ್ಲ ಮಂಜಿನ ಎಳೆಗಳು ಹರಡಿದವು. ಆಗ ಪ್ಲಾಸ್ಟಿಕ್ ಬಾಟಲಿಯೂ ಇರಲಿಲ್ಲ, ಪ್ಯಾಕೇಜ್ಡ್ ನೀರಿನ ಕಂಪನಿಯೂ ಇರಲಿಲ್ಲ.

ಮೊದಲ ಬೀಜ ಹುಟ್ಟುವುದೇ ಕಷ್ಟ

ಹಾಗಾದರೆ ನೀರನ್ನು ತಡೆದು ನಿಲ್ಲಿಸುವ ಆ "ಅಂಚು" ಯಾವುದು? ದ್ರವ ನೀರಿನಲ್ಲಿ ಅಣುಗಳು ಸದಾ ಓಡಾಡುತ್ತಿರುತ್ತವೆ. ಅಲ್ಲಲ್ಲಿ ಕೆಲವು ಅಣುಗಳು ಮಂಜುಗಡ್ಡೆಯ ಜೋಡಣೆಯಲ್ಲಿ ಕ್ಷಣಕಾಲ ಸೇರುತ್ತವೆ. ಇಂಥ ಸಣ್ಣ ಮುದ್ದೆಯ ಒಳಗಿನ ಅಣುಗಳಿಗೆ ಲಾಭ, ಏಕೆಂದರೆ ಅವು ಸ್ಥಿರ ರೂಪಕ್ಕೆ ಬಂದಿವೆ. ಆದರೆ ಮೇಲ್ಮೈಯಲ್ಲಿರುವ ಅಣುಗಳಿಗೆ ನಷ್ಟ. ಅವು ಪೂರ್ತಿ ಮಂಜುಗಡ್ಡೆಯೂ ಅಲ್ಲದೆ, ಪೂರ್ತಿ ನೀರೂ ಅಲ್ಲದೆ ನಡುವೆ ಸಿಕ್ಕಿಕೊಂಡಿರುತ್ತವೆ.

ಮುದ್ದೆ ತೀರಾ ಚಿಕ್ಕದಾಗಿದ್ದರೆ ಹೆಚ್ಚಿನ ಅಣುಗಳು ಮೇಲ್ಮೈಯಲ್ಲೇ ಇರುತ್ತವೆ. ಲಾಭಕ್ಕಿಂತ ನಷ್ಟ ಹೆಚ್ಚಾಗಿ ಅದು ಕರಗಿಹೋಗುತ್ತದೆ. ಅಗಲ ಎರಡು ಪಟ್ಟಾದರೆ ಮೇಲ್ಮೈ 4 ಪಟ್ಟು ಆಗುತ್ತದೆ, ಆದರೆ ಒಳಭಾಗ 8 ಪಟ್ಟು ಆಗುತ್ತದೆ. ಹಾಗಾಗಿ ಒಂದು ಗಾತ್ರ ದಾಟಿದ ಮೇಲೆ ಲಾಭವೇ ಗೆಲ್ಲುತ್ತದೆ. ಆಮೇಲೆ ಮುದ್ದೆ ಕರಗುವುದಿಲ್ಲ, ಬೆಳೆಯುತ್ತಲೇ ಹೋಗುತ್ತದೆ. ಆ ಗಾತ್ರ ತಲುಪಿದ ಮುದ್ದೆಯೇ ಮಂಜುಗಡ್ಡೆಯ ಬೀಜ. ಅದು ಹುಟ್ಟುವ ಕ್ರಿಯೆಗೆ ನ್ಯೂಕ್ಲಿಯೇಶನ್ ಎಂದು ಹೆಸರು.

ಮೈನಸ್ 5 ಡಿಗ್ರಿಯಲ್ಲಿ ಈ ಬೀಜ ಸುಮಾರು 20 ನ್ಯಾನೋಮೀಟರ್ ಅಗಲ ಇರಬೇಕು. ಕಣ್ಣಿಗೆ ಅದು ಕಾಣುವುದೇ ಇಲ್ಲ, ಆದರೆ ಅದರಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಅಣುಗಳಿರುತ್ತವೆ. ಅಷ್ಟೂ ಅಣುಗಳು ಆಕಸ್ಮಿಕವಾಗಿ ಒಂದೇ ಕ್ಷಣ ಸರಿಯಾಗಿ ಜೋಡಿಕೊಳ್ಳುವುದು ನಡೆಯದ ಮಾತು. ಅದಕ್ಕೇ ನೀರು ಕಾಯುತ್ತದೆ. ಚಳಿ ಹೆಚ್ಚಿದಷ್ಟೂ ಬೇಕಾದ ಬೀಜ ಚಿಕ್ಕದಾಗುತ್ತದೆ. ಸುಮಾರು ಮೈನಸ್ 38 ಡಿಗ್ರಿಗೆ ಕೆಲವು ನೂರು ಅಣುಗಳು ಸಾಕು. ಅಲ್ಲಿ ಅತಿ ಸಣ್ಣ, ಶುದ್ಧ ಹನಿಗಳೂ ಯಾರ ನೆರವೂ ಇಲ್ಲದೆ ಗಟ್ಟಿಯಾಗುತ್ತವೆ.

ನಮ್ಮ ಮನೆಯ ಫ್ರೀಜರ್‌ನಲ್ಲಿ ಅಷ್ಟು ಚಳಿ ಇರುವುದಿಲ್ಲ. ಆದರೂ ಅಲ್ಲಿ ದಿನವೂ ಐಸ್ ಆಗುತ್ತದೆ, ಏಕೆಂದರೆ ಧೂಳಿನ ಕಣವೋ ಪಾತ್ರೆಯ ಒರಟು ಮೈಯೋ ನೆರವಿಗೆ ಬರುತ್ತದೆ. ಕಲ್ಲುಸಕ್ಕರೆ ಮಾಡುವಾಗ ಪಾಕದಲ್ಲಿ ದಾರ ಇಳಿಬಿಡುತ್ತಾರಲ್ಲ, ಹರಳು ಆ ದಾರವನ್ನೇ ಹಿಡಿದು ಬೆಳೆಯುತ್ತದೆ. ಹಾಗೆಯೇ ಮಂಜುಗಡ್ಡೆಗೂ ಕೂರಲು ಒಂದು ಜಾಗ ಸಿಕ್ಕರೆ ಮೇಲ್ಮೈಯ ನಷ್ಟ ಕಡಿಮೆಯಾಗುತ್ತದೆ. ಸೋಸಿ ತುಂಬಿದ, ಒಳಮೈ ನುಣುಪಾಗಿರುವ ಬಾಟಲಿಯಲ್ಲಿ ಇಂಥ ಜಾಗಗಳು ಕಡಿಮೆ. ಬಾಟಲಿ ನೀರು ಹೆಚ್ಚಾಗಿ ಈ ಆಟ ಆಡುವುದು ಅದಕ್ಕೇ.

ತಟ್ಟಿದ ಮೇಲೆ ಎಷ್ಟು ನೀರು ಗಟ್ಟಿಯಾಗುತ್ತದೆ?

ಬಾಟಲಿಯನ್ನು ಕುಟ್ಟಿದಾಗ ನೀರಿನೊಳಗೆ ಅತಿ ಸಣ್ಣ ಗುಳ್ಳೆಗಳು ಹುಟ್ಟಿ ಒಡೆಯುತ್ತವೆ. ಅಲ್ಲಿ ಕ್ಷಣಮಾತ್ರ ಉಂಟಾಗುವ ಒತ್ತಡವೇ ಬೀಜ ಹುಟ್ಟಲು ನೆರವಾಗುತ್ತದೆ ಎನ್ನುವುದು ವಿಜ್ಞಾನಿಗಳ ವಿವರಣೆ. ಒಂದು ಬೀಜ ಹುಟ್ಟಿದರೆ ಸಾಕು, ಉಳಿದ ಅಣುಗಳು ಅದಕ್ಕೆ ಅಂಟುತ್ತಾ ಹೋಗುತ್ತವೆ.

ಆದರೆ "ಇಡೀ ಬಾಟಲಿ ಕಲ್ಲಾಯಿತು" ಎನ್ನುವುದು ಕಣ್ಣಿನ ಭ್ರಮೆ. ನೀರು ಗಟ್ಟಿಯಾಗುವಾಗ ಶಾಖ ಹೊರಬಿಡುತ್ತದೆ. ಆ ಶಾಖದಿಂದ ಉಳಿದ ನೀರು ಬಿಸಿಯಾಗುತ್ತಾ 0 ಡಿಗ್ರಿಗೆ ಬಂದ ಕೂಡಲೇ ಓಟ ನಿಲ್ಲುತ್ತದೆ. ಅರ್ಧ ಲೀಟರ್ ನೀರು ಮೈನಸ್ 7 ಡಿಗ್ರಿಯಲ್ಲಿದೆ ಎಂದುಕೊಳ್ಳಿ. ಅದನ್ನು 0 ಡಿಗ್ರಿಗೆ ತರಲು ಸುಮಾರು 14,700 ಜೂಲ್ ಶಾಖ ಬೇಕು. ಒಂದು ಗ್ರಾಂ ನೀರು ಮಂಜುಗಡ್ಡೆಯಾದರೆ 334 ಜೂಲ್ ಸಿಗುತ್ತದೆ. ಭಾಗಿಸಿ ನೋಡಿದರೆ ಸುಮಾರು 44 ಗ್ರಾಂ. ಅಂದರೆ 500 ಗ್ರಾಂ ನೀರಿನಲ್ಲಿ ಹತ್ತನೇ ಒಂದು ಭಾಗವೂ ತಕ್ಷಣ ಗಟ್ಟಿಯಾಗಿಲ್ಲ. ಸೂಜಿಯಂಥ ಹರಳುಗಳು ಬಲೆಯಂತೆ ಹೆಣೆದು ಉಳಿದ ನೀರನ್ನು ಹಿಡಿದಿಟ್ಟಿರುತ್ತವೆ, ಅಷ್ಟೇ.

ನೀವೇ ಮಾಡಿ ನೋಡಬಹುದು. ಮುಚ್ಚಳ ತೆಗೆಯದ ಪ್ಲಾಸ್ಟಿಕ್ ಬಾಟಲಿಯನ್ನು ಫ್ರೀಜರ್‌ನಲ್ಲಿ ಅಲುಗಾಡಿಸದೆ ಎರಡರಿಂದ ಮೂರು ಗಂಟೆ ಮಲಗಿಸಿಡಿ. ತಟ್ಟಿದರೂ ಏನೂ ಆಗದಿದ್ದರೆ ನೀರು ಇನ್ನೂ ಸಾಕಷ್ಟು ತಂಪಾಗಿಲ್ಲ. ತೆಗೆಯುವಾಗಲೇ ಗಟ್ಟಿಯಾಗಿದ್ದರೆ ತಡವಾಗಿದೆ, ಅಥವಾ ಒಳಗೆ ಬೀಜ ಮೊದಲೇ ಸಿಕ್ಕಿದೆ. ಸರಿಯಾಗಿದ್ದರೆ ಆ ನೀರನ್ನು ಒಂದು ಐಸ್ ತುಂಡಿನ ಮೇಲೆ ನಿಧಾನವಾಗಿ ಸುರಿಯಿರಿ. ಐಸ್ ತುಂಡೇ ಸಿದ್ಧ ಬೀಜವಾದ್ದರಿಂದ ನೀರು ಬಿದ್ದಲ್ಲೇ ಗೋಪುರದಂತೆ ಬೆಳೆಯುತ್ತದೆ. ಗಾಜಿನ ಬಾಟಲಿ ಮಾತ್ರ ಬೇಡ. ನೀರು ಹೆಪ್ಪುಗಟ್ಟಿದಾಗ ಹಿಗ್ಗುತ್ತದೆ, ಗಾಜು ಒಡೆದೀತು.

ಇದೇ ನೀರು ನಮ್ಮ ತಲೆಯ ಮೇಲೂ ಇದೆ

ಮಳೆಗಾಲದಲ್ಲಿ ನಮ್ಮ ಭಾಗದ ಆಕಾಶದಲ್ಲಿ ಸುಮಾರು 5 ಕಿಲೋಮೀಟರ್ ಮೇಲೆ ಹೋದರೆ ಉಷ್ಣತೆ 0 ಡಿಗ್ರಿಗೆ ಇಳಿದಿರುತ್ತದೆ. ಎತ್ತರದ ಮೋಡಗಳು ಅದನ್ನೂ ದಾಟಿ ಬೆಳೆಯುತ್ತವೆ. ಅಲ್ಲಿನ ಹನಿಗಳಲ್ಲಿ ಬಹಳಷ್ಟು ಮಂಜುಗಡ್ಡೆಯಾಗದೆ ಅತಿಶೀತಲ ನೀರಾಗಿಯೇ ತೇಲುತ್ತಿರುತ್ತವೆ, ಏಕೆಂದರೆ ಬೀಜ ಸಿಕ್ಕಿಲ್ಲ. ಬೇಸಿಗೆಯ ಗುಡುಗು ಮೋಡದಲ್ಲಿ ಒಂದು ಮಂಜಿನ ತುಣುಕು ಹುಟ್ಟಿ ಇಂಥ ಹನಿಗಳಿಗೆ ಬಡಿಯುತ್ತಾ ಹೋದರೆ, ಹನಿಗಳು ಅದಕ್ಕೆ ಅಂಟಿ ಅಲ್ಲೇ ಗಟ್ಟಿಯಾಗುತ್ತವೆ. ಗಂಗಾವತಿಯ ಭತ್ತ, ಕುಷ್ಟಗಿಯ ದಾಳಿಂಬೆಗೆ ಹೊಡೆತ ಕೊಡುವ ಆಣೆಕಲ್ಲು ಬೆಳೆಯುವುದು ಹೀಗೆಯೇ.

ಬೀಜ ಇಲ್ಲದಿದ್ದರೆ ನಾವೇ ಕೊಟ್ಟರೆ? 1946ರಲ್ಲಿ ಬರ್ನಾರ್ಡ್ ವಾನೆಗಟ್ ಎಂಬ ಅಮೆರಿಕದ ವಿಜ್ಞಾನಿ ಸಿಲ್ವರ್ ಅಯೊಡೈಡ್ ಈ ಕೆಲಸ ಮಾಡುತ್ತದೆ ಎಂದು ಕಂಡುಕೊಂಡರು. ಅದರ ಹರಳಿನ ಜೋಡಣೆ ಮಂಜುಗಡ್ಡೆಯ ಜೋಡಣೆಗೆ ತುಂಬ ಹತ್ತಿರ. ಹಾಗಾಗಿ ನೀರಿನ ಅಣುಗಳು ಅದರ ಮೇಲೆ ಸುಲಭವಾಗಿ ಕೂರುತ್ತವೆ. ಮೋಡ ಬಿತ್ತನೆ ಎಂಬ ಹೆಸರು ಇದಕ್ಕೆ ಎಷ್ಟು ಸರಿಹೊಂದುತ್ತದೆ ನೋಡಿ. ನಮ್ಮ ರಾಜ್ಯ 2017ರ ಆಗಸ್ಟ್‌ನಲ್ಲಿ "ವರ್ಷಧಾರಿ" ಹೆಸರಿನಲ್ಲಿ ಬೆಂಗಳೂರಿನ ಜಕ್ಕೂರಿನಿಂದ ಇದನ್ನು ಶುರು ಮಾಡಿದಾಗ, ಮೋಡ ಗುರುತಿಸುವ ರೇಡಾರ್‌ಗಳಲ್ಲಿ ಒಂದು ಪಕ್ಕದ ಗದಗದಲ್ಲೇ ಇತ್ತು.

ಇದಕ್ಕೂ ಮಿತಿ ಇದೆ. ಸಿಲ್ವರ್ ಅಯೊಡೈಡ್ ಕೆಲಸ ಮಾಡಲು ಹನಿಗಳು ಸುಮಾರು ಮೈನಸ್ 5 ಡಿಗ್ರಿಗಿಂತ ತಂಪಾಗಿರಬೇಕು. ಅಷ್ಟು ಎತ್ತರಕ್ಕೆ ಬೆಳೆಯದ ಬೆಚ್ಚನೆಯ ಮೋಡಗಳಿಗೆ ಉಪ್ಪಿನ ಕಣ ಹಾಕುವ ಬೇರೆ ವಿಧಾನವೇ ಬೇಕು. ಮೋಡವೇ ಇಲ್ಲದ ಆಕಾಶದಲ್ಲಂತೂ ಬಿತ್ತಲು ಹೊಲವೇ ಇಲ್ಲ. "ವಿಮಾನ ಹಾರಿಸಿ ಎಲ್ಲಿ ಬೇಕಾದರೂ ಮಳೆ ತರಿಸಬಹುದು" ಎನ್ನುವ ಫಾರ್ವರ್ಡ್ ಬಂದರೆ ಇದನ್ನು ನೆನಪಿಡಿ.

ಶುದ್ಧತೆಯ ಪರೀಕ್ಷೆ ಎಂದು ನಂಬಬೇಡಿ

ಈಗ ಬಾಟಲಿಗೆ ವಾಪಸ್ ಬರೋಣ. ನೀರು ತಟ್ಟಿದಾಗ ಹೆಪ್ಪುಗಟ್ಟಿತು ಎಂದರೆ ಅದರಲ್ಲಿ ಮಂಜುಗಡ್ಡೆಗೆ ಬೀಜವಾಗಬಲ್ಲ ಕಣಗಳು ಕಡಿಮೆ ಇದ್ದವು ಎಂದಷ್ಟೇ ಅರ್ಥ. ಅದರಲ್ಲಿ ಏನು ಕರಗಿದೆ ಎಂಬುದನ್ನು ಅದು ಹೇಳುವುದಿಲ್ಲ.

ನಮ್ಮ ಜಿಲ್ಲೆಗೆ ಇದು ಬಹಳ ಮುಖ್ಯ. ಕೊಪ್ಪಳ ಜಿಲ್ಲೆಯ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ. ಭಾರತೀಯ ಮಾನದಂಡದಂತೆ ಕುಡಿಯುವ ನೀರಿನಲ್ಲಿ ಅದು ಲೀಟರ್‌ಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರೇ ಸಿಗದಿದ್ದರೆ ಗರಿಷ್ಠ 1.5. ವರ್ಷಗಟ್ಟಲೆ ಅದಕ್ಕಿಂತ ಹೆಚ್ಚು ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಮುಂದೆ ಮೂಳೆ, ಕೀಲುಗಳಿಗೆ ತೊಂದರೆಯಾಗುತ್ತದೆ. ಈ ಫ್ಲೋರೈಡ್ ನೀರಿನಲ್ಲಿ ಪೂರ್ತಿ ಕರಗಿರುತ್ತದೆ, ಮಂಜುಗಡ್ಡೆಗೆ ಬೀಜವಾಗುವುದಿಲ್ಲ. ಹಾಗಾಗಿ ಫ್ಲೋರೈಡ್ ತುಂಬಿದ ನೀರನ್ನು ಚೆನ್ನಾಗಿ ಸೋಸಿ ಬಾಟಲಿಗೆ ತುಂಬಿದರೆ ಅದೂ ವಿಡಿಯೋದಲ್ಲಿನಂತೆಯೇ ಹೆಪ್ಪುಗಟ್ಟಬಲ್ಲದು. ರೋಗಾಣುಗಳ ವಿಷಯದಲ್ಲೂ ಈ ಆಟವನ್ನು ನಂಬುವಂತಿಲ್ಲ.

ಫ್ಲೋರೈಡ್ ರುಚಿಯಲ್ಲಿ ತಿಳಿಯುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಅದನ್ನು ಪತ್ತೆ ಮಾಡಲು ನೀರಿನ ಪರೀಕ್ಷಾ ಪ್ರಯೋಗಾಲಯ ಅಥವಾ ಫೀಲ್ಡ್ ಟೆಸ್ಟ್ ಕಿಟ್ ಬೇಕು. ಊರಿನ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೂ ಆಗಾಗ ಪರೀಕ್ಷೆ ಮಾಡಿಸಲು ಪಂಚಾಯಿತಿಯಲ್ಲಿ ಕೇಳಿ. ಆ ವಿಡಿಯೋ ಮತ್ತೆ ಬಂದರೆ ನೋಡಿ ಖುಷಿಪಡಿ, ಮಕ್ಕಳಿಗೂ ಮಾಡಿ ತೋರಿಸಿ. "ಶುದ್ಧ ನೀರಿನ ಗುರುತು" ಎಂಬ ಸಾಲನ್ನು ಮಾತ್ರ ಮುಂದಕ್ಕೆ ಕಳಿಸಬೇಡಿ.