ಪರದೆಯ ಹಿಂದೆ ಅಡಗಿ ಕೂತ ಕಣ್ಣು!

ಮೊಬೈಲ್ ಕೈಗೆತ್ತಿಕೊಳ್ಳಿ. ಯೂಟ್ಯೂಬ್‌ನಲ್ಲಿ ಒಂದು ಮಾಮೂಲಿ ವಿಡಿಯೋ ಹಾಕಿ, ಫೋನನ್ನು ಅಡ್ಡ ಹಿಡಿಯಿರಿ. ಸೆಲ್ಫಿ ಕ್ಯಾಮೆರಾದ ಆ ಕಪ್ಪು ತೂತು ಚಿತ್ರದ ಎಷ್ಟು ಭಾಗ ನುಂಗಿದೆ? ಊಹಿಸಿ!

ಸೊನ್ನೆ! ಹೌದು, ಒಂದು ಚುಕ್ಕೆಯೂ ಇಲ್ಲ!

ಲೆಕ್ಕ ನೋಡಿ. ಇಂದಿನ ಬಹುಪಾಲು ಫೋನ್‌ಗಳ ಪರದೆ ಸುಮಾರು 20:9. ಅಂದರೆ ಉದ್ದಕ್ಕೆ 2400 ಪಿಕ್ಸೆಲ್, ಅಗಲಕ್ಕೆ 1080. ವಿಡಿಯೋ 16:9. ಅದಕ್ಕೆ 1920 ಸಾಕು! ಉಳಿದ 480ರಲ್ಲಿ ಎಡಕ್ಕೆ 240, ಬಲಕ್ಕೆ 240 ಕಪ್ಪು ಪಟ್ಟಿ. ಪಂಚ್‌ಹೋಲ್ ಆ ಕಪ್ಪಿನೊಳಗೇ ಮಾಯ! ನಾಚ್ ಕೂಡ ಅಲ್ಲೇ ಅಡಗುತ್ತದೆ!

ಈಗ ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿ. ಪರದೆ ತುಂಬಿತು, ತೂತೂ ಚಿತ್ರದೊಳಕ್ಕೆ ಬಂತು. ಆದರೆ ನಿಜವಾದ ನಷ್ಟ ಅದಲ್ಲ! ಮೇಲೆ ಕೆಳಗೆ ಸೇರಿ ಚಿತ್ರದ ಐದನೇ ಒಂದು ಭಾಗವೇ ಕತ್ತರಿಸಿ ಹೋಗಿದೆ! ಇನ್ನು 2.39:1 ಅಳತೆಯ ಸಿನಿಮಾಸ್ಕೋಪ್ ಚಿತ್ರಗಳು? ಅವು ಹಿಗ್ಗಿಸದೆಯೂ ಪರದೆಯ ಈ ತುದಿಯಿಂದ ಆ ತುದಿಯವರೆಗೆ ಚಾಚುತ್ತವೆ. ತೂತು ಕಣ್ಣಿಗೆ ಚುಚ್ಚುವುದು ಅಲ್ಲಿ!

ಗೇಮ್‌ಗಳೂ ಹಾಗೇ, ಇಡೀ ಪರದೆ ಬೇಡುತ್ತವೆ. ಒಳ್ಳೆಯ ಗೇಮ್‌ಗಳು ಮ್ಯಾಪು, ಬಟನ್ನುಗಳನ್ನು ತೂತಿನಿಂದ ಆಚೆ ಸರಿಸಿಡುತ್ತವೆ. ನಾಚ್ ಉದ್ದ, ಹಾಗಾಗಿ ಅಂಚಿನಲ್ಲಿ ಹೆಚ್ಚು ಜಾಗ ಕಬಳಿಸುತ್ತದೆ.

ಹಾಗಾದರೆ ಕ್ಯಾಮೆರಾವನ್ನು ಪರದೆಯ ಕೆಳಗೇ ಹೂತುಬಿಟ್ಟರೆ? ಮಾಡಿಯೇಬಿಟ್ಟಿದ್ದಾರೆ! 2020ರಲ್ಲೇ ಜೆಡ್‌ಟಿಇ ಆಕ್ಸಾನ್ 20 ಬಂತು. ಪಿಕ್ಸೆಲ್‌ಗಳ ಸಂದಿಯಲ್ಲಿ ನುಸುಳಿದ ಬೆಳಕಿನಿಂದಲೇ ನಿಮ್ಮ ಮುಖ ಮೂಡುತ್ತದೆ! ಆಟಕ್ಕೂ ಸಿನಿಮಾಕ್ಕೂ ತೂತಿಲ್ಲದ ಅಖಂಡ ಪರದೆ!

ಸೆಲ್ಫಿ? 2021ರ ಗ್ಯಾಲಕ್ಸಿ ಝಡ್ ಫೋಲ್ಡ್3 ನೋಡಿ. ಹೊರಗಿನ ಪಂಚ್‌ಹೋಲ್ ಕ್ಯಾಮೆರಾ 10 ಮೆಗಾಪಿಕ್ಸೆಲ್. ಒಳಪರದೆಯ ಕೆಳಗಿನದು ಎಷ್ಟಿರಬಹುದು?

ಬರೀ 4!

ಕಾರಣವೇ ಸೋಜಿಗ! ಜರಡಿಯಂಥ ಪಿಕ್ಸೆಲ್ ಸಾಲುಗಳನ್ನು ದಾಟುವಾಗ ಬೆಳಕು ಕ್ಷೀಣಿಸುವುದಷ್ಟೇ ಅಲ್ಲ, ಬಾಗಿ ಚದುರುತ್ತದೆ. ಅದಕ್ಕೇ ಇಲ್ಲಿ ಕಡಿಮೆ ಸಂಖ್ಯೆಯ, ಆದರೆ ಬೆಳಕು ಹಿಡಿಯುವ ದೊಡ್ಡ ಪಿಕ್ಸೆಲ್‌ಗಳು. ಆದರೂ ಹಿಂದೆ ಬಲ್ಬು ಉರಿಯುತ್ತಿದ್ದರೆ ಅದರ ಸುತ್ತ ಮಬ್ಬು ಹರಡುತ್ತದೆ. ಸಾಫ್ಟ್‌ವೇರ್ ಅದನ್ನು ಒರೆಸಲು ಹೋದಾಗ ಹುಬ್ಬಿನ ಕೂದಲೂ ಕಲಸಿಹೋಗುತ್ತವೆ!

ಅಂಗಡಿಯಲ್ಲೇ ಪರೀಕ್ಷಿಸಿ! ಬಿಳಿ ಪುಟ ತೆರೆದು ಕ್ಯಾಮೆರಾ ಇರುವ ಜಾಗವನ್ನು ಓರೆಯಾಗಿ ದಿಟ್ಟಿಸಿ. ಫೋಲ್ಡ್3ರಲ್ಲಿ ಅಲ್ಲಿ ಪಿಕ್ಸೆಲ್ ವಿರಳ, ಬಲೆಯಂಥ ಮಚ್ಚೆ ಕಾಣುತ್ತದೆ. ಆಮೇಲೆ ದೀಪಕ್ಕೆ ಬೆನ್ನು ಮಾಡಿ ಒಂದು ಸೆಲ್ಫಿ!

2025ರ ಫೋಲ್ಡ್7ರಲ್ಲಿ ಸ್ಯಾಮ್‌ಸಂಗ್ ಏನು ಮಾಡಿತು ಗೊತ್ತೇ? ಒಳಪರದೆಗೆ ಮತ್ತೆ ತೂತು ಕೊರೆಯಿತು! ಸೆಲ್ಫಿ 4ರಿಂದ 10 ಮೆಗಾಪಿಕ್ಸೆಲ್‌ಗೆ ಜಿಗಿಯಿತು! ವಿಡಿಯೋ ಕರೆ, ಸೆಲ್ಫಿ ಹೆಚ್ಚೆನ್ನುವವರಿಗೆ ನನ್ನ ಆಯ್ಕೆಯೂ ಆ ಪುಟ್ಟ ತೂತೇ. ಇಡೀ ದಿನ ಗೇಮ್ ಆಡುವವರಿಗೆ ಮಾತ್ರ ಆ ಅಡಗಿದ ಕಣ್ಣು!